ಉಪ್ಪಿನಕಾಯಿಗೆ ಬೂಸ್ಟು ಬಂದರೆ ಬಾಟ್ ಏನು ಹೇಳಬೇಕು?

ನಮ್ಮ ಅತ್ತಿಗೆ ಶಿರಸಿ ಹತ್ತಿರದ ಒಂದು ಹಳ್ಳಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಶೇಂಗಾ ಚಟ್ನಿಪುಡಿ ಮಾರುತ್ತಾರೆ. ಒಂದು ಸಣ್ಣ ವೆಬ್‌ಸೈಟ್, ಒಂದು ವಾಟ್ಸಾಪ್ ನಂಬರ್, ಪ್ಯಾಕಿಂಗ್‌ಗೆ ಪಕ್ಕದ ಮನೆಯ ಹುಡುಗಿ, ಅಷ್ಟೇ ಅಂಗಡಿ. ದಿನಕ್ಕೆ 15–20 ಆರ್ಡರ್ ಬಂದರೆ ಮೆಸೇಜ್ ಅದರ ಎರಡರಷ್ಟು. ಬಾಟಲಿ ತುಂಬುವಾಗ ಕೈಯೆಲ್ಲ ಖಾರ, ಫೋನ್ ಮುಟ್ಟೋ ಹಾಗಿಲ್ಲ. ಮಧ್ಯಾಹ್ನ ಕೈ ತೊಳೆದು ನೋಡಿದರೆ "ಯಾರೂ ಇಲ್ವಾ?" ಅಂತ ನಾಲ್ಕು ಜನ ಸಿಟ್ಟಾಗಿರುತ್ತಾರೆ. ಅದಕ್ಕೇ ಒಂದು ಚಾಟ್‌ಬಾಟ್ ಹಾಕೋಣ ಅಂತ ನಾನು ಹೊರಟೆ.

ಮೊದಲ ದಿನ ಪರೀಕ್ಷೆಗೆ ಅಂತ ಅತ್ತಿಗೆ ತಾವೇ ಗಿರಾಕಿಯ ಹಾಗೆ ಕೇಳಿದರು: "ಉಪ್ಪಿನಕಾಯಿ ಮೇಲೆ ಬಿಳಿ ಪದರ ಬಂದಿದೆ, ತಿನ್ನಬಹುದಾ?" ಬಾಟ್ ಬಹಳ ನಯವಾಗಿ ಉತ್ತರ ಕೊಟ್ಟಿತು. ಮನೆಯಲ್ಲಿ ಮಾಡಿದ ಉಪ್ಪಿನಕಾಯಿಯಲ್ಲಿ ಇದು ಸಹಜ, ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸಿ, ಅಂತ. ಅತ್ತಿಗೆ ಫೋನನ್ನು ನನ್ನ ಕಡೆ ತಿರುಗಿಸಿದರು. "ಎಂತದು ಮಾರಾಯ ಇದು? ಬಾಟಲಿ ನೋಡದೆ ನಾನೇ ಹೀಗೆ ಹೇಳೋದಿಲ್ಲ."

ಆ ಬಿಳಿ ಪದರ ಬರೀ ಉಪ್ಪಿನ ಹರಳಾಗಿರಬಹುದು, ಬೂಸ್ಟೂ ಆಗಿರಬಹುದು. ಗಿರಾಕಿ ಒದ್ದೆ ಚಮಚ ಹಾಕಿರಬಹುದು, ಇಲ್ಲವೇ ಆ ಬ್ಯಾಚಿಗೇ ಉಪ್ಪು ಕಮ್ಮಿ ಬಿದ್ದಿರಬಹುದು. ಬ್ಯಾಚಿನ ತಪ್ಪಾಗಿದ್ದರೆ ಅದೇ ಭರಣಿಯ ಉಳಿದ ಬಾಟಲಿಗಳು ಆಗಲೇ ಬೇರೆಯವರ ಮನೆ ಸೇರಿರುತ್ತವೆ. ಇಷ್ಟೆಲ್ಲ ಆ ಒಂದು ಸಾಲಿನ ಒಳಗಿದೆ, ನೋಡೋಕೆ ಮಾತ್ರ ತೀರಾ ಸುಲಭದ ಪ್ರಶ್ನೆ.

ಅಲ್ಲಿ ತನಕ ನನ್ನ ತಲೆಯಲ್ಲಿದ್ದ ಲೆಕ್ಕ ಏನಪ್ಪಾ ಅಂದ್ರೆ, ಸುಲಭದ್ದೆಲ್ಲ ಬಾಟ್‌ಗೆ, ಕಷ್ಟದ್ದು ಮನುಷ್ಯರಿಗೆ. ಈ ಲೆಕ್ಕ ತಪ್ಪು. ಪ್ರಶ್ನೆ ಎಷ್ಟು ಕಷ್ಟ ಅನ್ನೋದು ಮುಖ್ಯ ಅಲ್ಲ. ಉತ್ತರ ತಪ್ಪಾದರೆ ಯಾರಿಗೆ ಏನಾಗುತ್ತದೆ, ಆಮೇಲೆ ಅದನ್ನು ಸರಿ ಮಾಡೋಕೆ ಆಗುತ್ತಾ ಅನ್ನೋದನ್ನು ನೋಡಬೇಕು.

ಬಾಟ್‌ಗಿಂತ ಮೊದಲು ಹಳೇ ಮೆಸೇಜ್

ಬಾಟ್ ಕಂಪನಿಗಳ ಜಾಹೀರಾತು ನೋಡುವ ಮುಂಚೆ ನಿಮ್ಮದೇ ವಾಟ್ಸಾಪ್‌ನ ಕಳೆದ ಎರಡು ತಿಂಗಳ ಮಾತುಕತೆ ಓದಿ. ಬೇಸರದ ಕೆಲಸ, ಒಂದು ಭಾನುವಾರ ಪೂರ್ತಿ ಹೋಗುತ್ತದೆ, ಆದರೆ ಇದನ್ನು ಬಿಟ್ಟು ಮುಂದೆ ಹೋದವರು ಎರಡನೇ ಸಲ ಎಲ್ಲ ಮಾಡಬೇಕಾಗುತ್ತದೆ. ನಾವು ಒಂದು ಸ್ಪ್ರೆಡ್‌ಶೀಟ್ ತೆರೆದು ಪ್ರತಿ ಪ್ರಶ್ನೆಗೂ ಮೂರು ವಿಷಯ ಬರೆದೆವು. ಇದಕ್ಕೆ ಉತ್ತರ ಎಲ್ಲಿದೆ? ವೆಬ್‌ಸೈಟಿನಲ್ಲಾ, ಕೊರಿಯರ್‌ನವರ ಬಳಿಯಾ, ಅತ್ತಿಗೆಯ ತಲೆಯಲ್ಲಾ? ತಪ್ಪು ಉತ್ತರ ಹೋದರೆ ಏನಾಗುತ್ತದೆ? ಆ ತಪ್ಪು ಎಷ್ಟು ಹೊತ್ತಿನಲ್ಲಿ ನಮ್ಮ ಕಣ್ಣಿಗೆ ಬೀಳುತ್ತದೆ?

ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. "ನನ್ನ ಪಾರ್ಸೆಲ್ ಎಲ್ಲಿದೆ" ಅನ್ನೋದಕ್ಕೆ ತಪ್ಪು ಹೇಳಿದರೆ ಗಿರಾಕಿ ಮಾರನೇ ದಿನವೇ ಮತ್ತೆ ಬರುತ್ತಾರೆ, ತಪ್ಪು ತಾನಾಗಿ ಹೊರಗೆ ಬೀಳುತ್ತದೆ. ಚಟ್ನಿಪುಡಿಯಲ್ಲಿ ಶೇಂಗಾ ಇಲ್ಲ ಅಂತ ತಪ್ಪು ಹೇಳಿದರೆ? ಅದು ಗೊತ್ತಾಗುವ ಹೊತ್ತಿಗೆ ಯಾರೋ ಆಸ್ಪತ್ರೆಯಲ್ಲಿರಬಹುದು.

ಹೀಗೆ ಬರೆಯುತ್ತಾ ಹೋದರೆ ಪ್ರಶ್ನೆಗಳು ಮೂರು ಬುಟ್ಟಿಗೆ ಬೀಳುತ್ತವೆ. ಒಂದು, ಬಾಟ್ ತಾನೇ ಹೇಳಿ ಮುಗಿಸಬಹುದಾದ್ದು: ಡೆಲಿವರಿ ಚಾರ್ಜ್ ಎಷ್ಟು, ನಮ್ಮ ಪಿನ್‌ಕೋಡ್‌ಗೆ ಕಳಿಸ್ತೀರಾ, ಆರ್ಡರ್ ಎಲ್ಲಿ ತನಕ ಬಂತು, ಹಪ್ಪಳದ ಪ್ಯಾಕಿನಲ್ಲಿ ಎಷ್ಟಿರುತ್ತವೆ. ಎರಡು, ಬಾಟ್ ವಿವರ ಕೇಳಿ ಇಟ್ಟುಕೊಂಡು ಮನುಷ್ಯರು ತೀರ್ಮಾನ ಮಾಡಬೇಕಾದ್ದು: ಬಾಟಲಿ ಒಡೆದು ಬಂತು, ಬೇರೆ ಸಾಮಾನು ಬಂತು, ವಿಳಾಸ ಬದಲಿಸಬೇಕು. ಮೂರು, ಬಾಟ್ ಬಾಯಿ ಹಾಕದೆ ನೇರ ಮನುಷ್ಯರಿಗೆ ದಾಟಿಸಬೇಕಾದ್ದು. ಬೂಸ್ಟು, ಅಲರ್ಜಿ, "ತಿಂದ ಮೇಲೆ ಹೊಟ್ಟೆ ಕೆಟ್ಟಿತು", ದುಡ್ಡು ಹೋಯಿತು ಆದರೆ ಆರ್ಡರ್ ಆಗಿಲ್ಲ, ಗ್ರಾಹಕ ನ್ಯಾಯಾಲಯದ ಮಾತು, ನಿಮ್ಮ ಹೆಸರಲ್ಲಿ ಯಾರೋ ಫೋನ್ ಮಾಡಿ ಒಟಿಪಿ ಕೇಳಿದರು ಅನ್ನುವ ದೂರು, ಮತ್ತೆ ಮದುವೆಗೆ 200 ಬಾಟಲಿ ಬೇಕು ಅನ್ನೋದು.

ಮದುವೆ ಆರ್ಡರ್ ಇಲ್ಲಿಗೆ ಯಾಕೆ ಬಂತು ಅಂತ ಅನ್ನಿಸಬಹುದು. ಅದು ದೂರಲ್ಲ, ದುಡ್ಡು ಬರುವ ಮಾತು. ಆದರೆ ಅಪ್ಪೆಮಿಡಿ ವರ್ಷಪೂರ್ತಿ ಸಿಗುವ ಸಾಮಾನಲ್ಲ, ಬೇಸಿಗೆಯ ಹೊತ್ತಿಗೆ ಮಿಡಿ ಬರುತ್ತದೆ, ಭರಣಿಯಲ್ಲಿ ಉಳಿದಿರೋದು ಎಷ್ಟು ಅಂತ ಗೊತ್ತಿರೋದು ಅತ್ತಿಗೆಗೆ ಮಾತ್ರ. ಬಾಟ್ "ಖಂಡಿತ ಕಳಿಸುತ್ತೇವೆ" ಅಂದುಬಿಟ್ಟರೆ ಮದುವೆ ಮನೆಯಲ್ಲಿ ನಮ್ಮ ಹೆಸರು ಹೋಗುತ್ತದೆ.

ಬಟನ್ ಬಾಟಾ, ಎಐ ಬಾಟಾ?

ಬಟನ್ ಬಾಟ್ ಅಂದ್ರೆ "ಆರ್ಡರ್ ಎಲ್ಲಿದೆ", "ಡೆಲಿವರಿ ಚಾರ್ಜ್", "ದೂರು" ಅಂತ ಗುಂಡಿಗಳು ಬರುತ್ತವೆ, ಒತ್ತಿದರೆ ಮೊದಲೇ ಬರೆದಿಟ್ಟ ಉತ್ತರ ಬರುತ್ತದೆ. ಅದು ಸುಳ್ಳು ಹೇಳೋದಿಲ್ಲ, ಬರೆದದ್ದನ್ನಷ್ಟೇ ಹೇಳುತ್ತದೆ. ದಿನಕ್ಕೆ ಹತ್ತು ಮೆಸೇಜ್ ಬರುವ ಅಂಗಡಿಗೆ ಇದೇ ಸಾಕು, ನನ್ನ ಅಭಿಪ್ರಾಯ ಕೇಳಿದರೆ. ತೊಂದರೆ ಏನೆಂದರೆ ನಮ್ಮ ಜನ ಗುಂಡಿ ಒತ್ತೋದಿಲ್ಲ, ಬರೆಯುತ್ತಾರೆ. ಅದೂ ಹೀಗೆ:

```
nam order innu bandilla yavag barutte
yaavaga barathe madam parcel??
3 dina aytu sir
```

ಮೂರರಲ್ಲೂ ಕೇಳಿದ್ದು ಒಂದೇ. ಆದರೆ ಶಬ್ದ ಹುಡುಕುವ ಹಳೇ ತರದ ಬಾಟ್‌ಗೆ ಮೂರನೆಯದರಲ್ಲಿ ಹಿಡಿಯೋಕೆ ಏನೂ ಸಿಗೋದಿಲ್ಲ, ಮೊದಲ ಎರಡರಲ್ಲಿ ಸ್ಪೆಲ್ಲಿಂಗ್ ಬೇರೆ ಬೇರೆ. ಎಐ ಬಾಟ್ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕಂಗ್ಲಿಷ್ ಬರಲಿ, ಹಿಂದಿ ಬೆರೆಯಲಿ, ಹೇಳಿದ್ದೇನು ಅಂತ ಸುಮಾರಾಗಿ ಹಿಡಿಯುತ್ತದೆ.

ಆದರೆ ಅದು ಮಾತು ಕಟ್ಟುವ ಯಂತ್ರ. ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಅಂತ ನೋಡಿ ವಾಕ್ಯ ಮಾಡುತ್ತದೆ. ನಿಮ್ಮ ಅಂಗಡಿಯ ನಿಯಮ ಅದಕ್ಕೆ ಗೊತ್ತಿಲ್ಲದಿದ್ದರೆ ಸುಮ್ಮನಿರೋದಿಲ್ಲ, ಬೇರೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೋ ಅದನ್ನೇ ನಿಮ್ಮದು ಅಂತ ಹೇಳಿಬಿಡುತ್ತದೆ. "7 ದಿನದಲ್ಲಿ ವಾಪಸ್ ಮಾಡಬಹುದು" ಅಂತ ನಮ್ಮ ಬಾಟ್ ಪರೀಕ್ಷೆಯಲ್ಲಿ ಹೇಳಿತು. ತೆರೆದ ಉಪ್ಪಿನಕಾಯಿಯನ್ನು ವಾಪಸ್ ತಗೊಂಡು ಏನು ಮಾಡೋದು ಹೇಳಿ!

ಇದು ತಮಾಷೆ ಅಂತ ಬಿಡೋಕಾಗಲ್ಲ. ಕೆನಡಾದ ಏರ್ ಕೆನಡಾ ವಿಮಾನ ಕಂಪನಿಯ ಬಾಟ್ 2022ರಲ್ಲಿ ಒಬ್ಬ ಪ್ರಯಾಣಿಕನಿಗೆ ಇಂಥದ್ದೇ ಮಾತು ಹೇಳಿತ್ತು. ಅಜ್ಜಿ ತೀರಿಕೊಂಡಿದ್ದರಿಂದ ಆತ ಹೊರಟಿದ್ದ. ಮನೆಯಲ್ಲಿ ಸಾವಾದಾಗ ಕೊಡುವ ರಿಯಾಯಿತಿಯನ್ನು ಟಿಕೆಟ್ ಕೊಂಡು 90 ದಿನದೊಳಗೆ ಆಮೇಲೂ ಕೇಳಬಹುದು ಅಂತ ಬಾಟ್ ಹೇಳಿತು. ಕಂಪನಿಯ ನಿಜವಾದ ನಿಯಮ ಅದಕ್ಕೆ ಉಲ್ಟಾ. ವಿಷಯ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋಯಿತು. ಬಾಟ್ ಹೇಳಿದ್ದಕ್ಕೆ ಬಾಟೇ ಹೊಣೆ ಅನ್ನುವ ಥರದ ವಾದ ಕಂಪನಿಯಿಂದ ಬಂತು. ಮಂಡಳಿ ಒಪ್ಪಲಿಲ್ಲ. ವೆಬ್‌ಸೈಟಿನಲ್ಲಿ ಬರುವ ಎಲ್ಲಕ್ಕೂ ನೀವೇ ಜವಾಬ್ದಾರರು ಅಂತ 2024ರ ಫೆಬ್ರುವರಿಯಲ್ಲಿ ಒಟ್ಟು ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ಅಲ್ಲಿನ ತೀರ್ಪು ಇಲ್ಲಿಗೆ ಅನ್ವಯ ಆಗೋದಿಲ್ಲ, ಸರಿ. ಆದರೆ ನಿಮ್ಮ ಅಂಗಡಿಯ ನಂಬರಿನಿಂದ ಹೋದ ಮಾತನ್ನು ಗಿರಾಕಿ ನಿಮ್ಮದೇ ಮಾತು ಅಂತ ತಗೊಳ್ಳುತ್ತಾರೆ, ಇದು ಎಲ್ಲಾ ಕಡೆ ಒಂದೇ.

ಹಾಗಾಗಿ ನಾವು ಎರಡನ್ನೂ ಬೆರೆಸಿದೆವು. ಎಐಗೆ ಕೊಟ್ಟ ಕೆಲಸ ಮುಖ್ಯವಾಗಿ ಓದುವುದು. ಗಿರಾಕಿ ಬರೆದದ್ದು ಯಾವ ಬುಟ್ಟಿಗೆ ಸೇರುತ್ತದೆ ಅಂತ ಗುರುತಿಸೋದು. ಮೊದಲ ಬುಟ್ಟಿಯಾದರೆ ಒಂದು ಪುಟದ ಮಾಹಿತಿ ಹಾಳೆಯಿಂದ ಉತ್ತರ ತೆಗೆದು ಹೇಳೋದು. ಎರಡನೇ ಬುಟ್ಟಿಯಾದರೆ ಬೇಕಾದ ವಿವರ ಕೇಳೋದು. ಮೂರನೆಯದಾದರೆ ಅದು ತಾನಾಗಿ ಒಂದು ವಾಕ್ಯವನ್ನೂ ಕಟ್ಟೋದಿಲ್ಲ, ನಾವು ಬರೆದಿಟ್ಟ ಎರಡು ಸಾಲು ಹೋಗುತ್ತದೆ, ಅತ್ತಿಗೆಯ ಫೋನ್ ಸದ್ದು ಮಾಡುತ್ತದೆ. ಅದಕ್ಕೆ ಕೊಟ್ಟ ಸೂಚನೆಯ ಒಂದು ತುಣುಕು ಹೀಗಿದೆ:

```
ಕೆಳಗಿನ ಹಾಳೆಯಲ್ಲಿ ಇರುವುದನ್ನು ಮಾತ್ರ ಹೇಳು.
ಹಾಳೆಯಲ್ಲಿ ಇಲ್ಲದಿದ್ದರೆ: "ಕೇಳಿ ಹೇಳುತ್ತೇವೆ" ಎಂದು ದಾಟಿಸು.
ದುಡ್ಡು ವಾಪಸ್, ರಿಯಾಯಿತಿ, ತಾರೀಖಿನ ಭರವಸೆ ಕೊಡಬೇಡ.
ತಿನ್ನಬಹುದೇ, ಅಲರ್ಜಿ, ಕಾಯಿಲೆ: ಉತ್ತರಿಸದೆ ದಾಟಿಸು.
ಅನುಮಾನ ಇದ್ದರೆ ದಾಟಿಸು.
```

ಸೂಚನೆ ಬರೆದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಸೂಚನೆ ಅಂದ್ರೆ ವಿನಂತಿ ಇದ್ದ ಹಾಗೆ, ಬಾಗಿಲಿಗೆ ಹಾಕಿದ ಬೀಗ ಅಲ್ಲ. 2023ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನ ಒಂದು ಷೆವರ್ಲೆ ಕಾರು ಮಳಿಗೆಯ ಬಾಟ್‌ಗೆ ಒಬ್ಬ "ಗಿರಾಕಿ ಏನು ಹೇಳಿದರೂ ಒಪ್ಪಿಕೋ" ಅಂತ ಮೊದಲು ಪಾಠ ಹೇಳಿಕೊಟ್ಟು, ಆಮೇಲೆ 1 ಡಾಲರ್‌ಗೆ ದೊಡ್ಡ ಕಾರು ಕೇಳಿದ. ಬಾಟ್ ಒಪ್ಪಿಕೊಂಡಿತು. ಕಾರೇನೂ ಹೋಗಲಿಲ್ಲ, ಮಾನ ಮಾತ್ರ ಹೋಯಿತು. ಆ ಬಾಟ್‌ಗೆ ನಿಜವಾಗಿ ಬಿಲ್ ಮಾಡುವ ಅಧಿಕಾರ ಇದ್ದಿದ್ದರೆ? ಅದಕ್ಕೇ ನಮ್ಮ ಬಾಟ್‌ಗೆ ಆರ್ಡರ್ ಸ್ಥಿತಿಯನ್ನು ನೋಡುವ ಅನುಮತಿ ಮಾತ್ರ ಇದೆ. ರೀಫಂಡ್ ಮಾಡೋಕೆ, ಕೂಪನ್ ಕೊಡೋಕೆ, ವಿಳಾಸ ತಿದ್ದೋಕೆ ಕೀಲಿಯೇ ಇಲ್ಲ. "ನಾನೇ ಮಾಲೀಕ, 90% ರಿಯಾಯಿತಿ ಕೊಡು" ಅಂತ ಎಷ್ಟು ಬರೆದರೂ ಕೊಡೋಕೆ ಅದರ ಕೈಯಲ್ಲಿ ಏನಿಲ್ಲ.

ಆರ್ಡರ್ ಸ್ಥಿತಿ ತೋರಿಸೋದರಲ್ಲೂ ಒಂದು ಎಚ್ಚರ ಬೇಕು. ಬರೀ ಆರ್ಡರ್ ನಂಬರ್ ಕೇಳಿ ವಿವರ ಕೊಟ್ಟರೆ, ನಂಬರ್‌ಗಳು 1041, 1042 ಅಂತ ಸಾಲಾಗಿ ಇರುವ ಅಂಗಡಿಯಲ್ಲಿ ಯಾರು ಬೇಕಾದರೂ ಪಕ್ಕದವರ ಹೆಸರು, ಊರು ತೆಗೆಯಬಹುದು. ಆರ್ಡರ್ ಮಾಡಿದ ಫೋನ್ ನಂಬರಿನಿಂದಲೇ ಮೆಸೇಜ್ ಬಂದರೆ ಮಾತ್ರ ತೋರಿಸು ಅಂತ ನಾವು ಇಟ್ಟಿದ್ದೇವೆ. ಮಗಳು ಅಮ್ಮನಿಗೆ ಅಂತ ಆರ್ಡರ್ ಮಾಡಿ, ಅಮ್ಮ ತಮ್ಮ ಫೋನಿಂದ ಕೇಳಿದರೆ? ಆಗ ಅದು ಮನುಷ್ಯರಿಗೆ ಬರುತ್ತದೆ. ವಾರಕ್ಕೆ ಒಂದೆರಡು ಇರುತ್ತವೆ, ನಡೆಯುತ್ತದೆ.

ದುಡ್ಡು ಹೋಯಿತು, ಆರ್ಡರ್ ಆಗಿಲ್ಲ

ಮೂರನೇ ಬುಟ್ಟಿಯ ಒಂದು ಪ್ರಕರಣವನ್ನು ಪೂರ್ತಿ ನೋಡೋಣ, ಏಕೆಂದರೆ ಬಾಟ್ ಇಲ್ಲಿ ಕೆಡಿಸುವಷ್ಟು ಬೇರೆಲ್ಲೂ ಕೆಡಿಸೋದಿಲ್ಲ. ರಾತ್ರಿ ಹತ್ತೂವರೆಗೆ ಒಬ್ಬರು ಬರೆಯುತ್ತಾರೆ: "ಯುಪಿಐನಲ್ಲಿ 640 ರೂಪಾಯಿ ಕಟ್ ಆಯ್ತು, ಆರ್ಡರ್ ಕನ್ಫರ್ಮ್ ಬಂದಿಲ್ಲ." ಬಾಟ್ ನಮ್ಮ ವೆಬ್‌ಸೈಟಿನ ಪಟ್ಟಿ ನೋಡುತ್ತದೆ, ಅಲ್ಲಿ ಆರ್ಡರ್ ಇಲ್ಲ. ಬಿಟ್ಟರೆ ಅದು ಏನು ಹೇಳುತ್ತದೆ ಗೊತ್ತಾ? "ನಿಮ್ಮ ಪೇಮೆಂಟ್ ವಿಫಲವಾಗಿದೆ, ದಯವಿಟ್ಟು ಮತ್ತೆ ಪ್ರಯತ್ನಿಸಿ." ಗಿರಾಕಿ ಮತ್ತೆ 640 ಕಟ್ಟುತ್ತಾರೆ. ಬೆಳಿಗ್ಗೆ ನೋಡಿದರೆ ಎರಡು ಪೇಮೆಂಟ್, ಒಂದು ಆರ್ಡರ್, ಮತ್ತು ಒಬ್ಬ ಉರಿದುಹೋಗಿರುವ ಮನುಷ್ಯ.

ಇದರ ಹಿಂದೆ ಮೂರು ಬೇರೆ ಬೇರೆ ಕತೆ ಇರಬಹುದು. ಮೊದಲನೆಯದು, ದುಡ್ಡು ಪೇಮೆಂಟ್ ಗೇಟ್‌ವೇಗೆ, ಅಂದರೆ ನಮ್ಮ ಪರವಾಗಿ ಆನ್‌ಲೈನ್ ಪಾವತಿ ತಗೊಳ್ಳುವ ಸೇವೆಗೆ, ಬಂದು ತಲುಪಿದೆ, ಆದರೆ "ಬಂತು" ಅಂತ ಗೇಟ್‌ವೇ ನಮ್ಮ ವೆಬ್‌ಸೈಟ್‌ಗೆ ಕಳಿಸಬೇಕಾದ ಸೂಚನೆ ಬಂದಿಲ್ಲ. ವೆಬ್‌ಹುಕ್ ಅಂತಾರಲ್ಲ, ಅದು. ಗಿರಾಕಿ ಯುಪಿಐ ಆ್ಯಪ್‌ನಿಂದ ವಾಪಸ್ ಬ್ರೌಸರ್‌ಗೆ ಬರುವ ಮುಂಚೆ ಪುಟ ಮುಚ್ಚಿದ್ದು, ವೆಬ್‌ಹುಕ್ಕೂ ಕೈಕೊಟ್ಟಿದ್ದರೆ ಹೀಗಾಗುತ್ತದೆ. ಇದನ್ನು ಅತ್ತಿಗೆ ಗೇಟ್‌ವೇಯ ಡ್ಯಾಶ್‌ಬೋರ್ಡ್ ನೋಡಿ ಐದು ನಿಮಿಷದಲ್ಲಿ ಸರಿಮಾಡಬಹುದು, ಆರ್ಡರನ್ನು ಕೈಯಿಂದ ಹಾಕಿದರೆ ಆಯಿತು. ಎರಡನೆಯದು, ದುಡ್ಡು ಗಿರಾಕಿಯ ಖಾತೆಯಿಂದ ಹೋಗಿದೆ, ನಮಗೆ ಬಂದಿಲ್ಲ, ಮಧ್ಯದಲ್ಲಿ ಸಿಕ್ಕಿಕೊಂಡಿದೆ. ಇದಕ್ಕೆ ನಾವು ಏನೂ ಮಾಡೋಕಾಗಲ್ಲ, ಆದರೆ ರಿಸರ್ವ್ ಬ್ಯಾಂಕಿನ 2019ರ ನಿಯಮ ಇದೆ. ಅಂಗಡಿಗೆ ಮಾಡಿದ ಯುಪಿಐ ಪಾವತಿ ಹೀಗೆ ಸಿಕ್ಕಿಕೊಂಡರೆ ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸೇರಿಸಿ ಕೊಡಬೇಕು. ಮೂರನೆಯದು ಕೆಟ್ಟದ್ದು. ದುಡ್ಡು ನಮಗಲ್ಲ, ನಮ್ಮ ಹೆಸರಿನ ನಕಲಿ ಪುಟಕ್ಕೆ ಹೋಗಿದೆ. ಆಗ ಗಿರಾಕಿಗೆ ತಕ್ಷಣ 1930ಕ್ಕೆ, ಅಂದರೆ ಸೈಬರ್ ವಂಚನೆಯ ಸಹಾಯವಾಣಿಗೆ ಫೋನ್ ಮಾಡಿ ಅನ್ನಬೇಕು. ಇಲ್ಲಿ ಪ್ರತಿ ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಮೂರರಲ್ಲಿ ಯಾವುದು ಅಂತ ಗಿರಾಕಿಯ ಮಾತಿನಿಂದ ಗೊತ್ತಾಗೋದಿಲ್ಲ, ಗೇಟ್‌ವೇ ಪಟ್ಟಿ ನೋಡಿಯೇ ಹೇಳಬೇಕು. ಹಾಗಾಗಿ ಬಾಟ್ ಮಾಡೋದು ಇಷ್ಟು. "ಮತ್ತೆ ಪಾವತಿ ಮಾಡಬೇಡಿ" ಅಂತ ಮೊದಲು ಹೇಳುತ್ತದೆ, ಇದು ಎಲ್ಲಕ್ಕಿಂತ ಮೊದಲ ಸಾಲು. ಆಮೇಲೆ ಯುಪಿಐ ಆ್ಯಪ್‌ನಲ್ಲಿ ಕಾಣುವ 12 ಅಂಕಿಯ ರೆಫರೆನ್ಸ್ ನಂಬರ್, ಮೊತ್ತ, ದುಡ್ಡು ಯಾರ ಹೆಸರಿಗೆ ಹೋಗಿದೆ ಅಂತ ತೋರಿಸುತ್ತಿದೆ, ಈ ಮೂರನ್ನು ಕೇಳುತ್ತದೆ. ಪಿನ್, ಒಟಿಪಿ ನಾವು ಯಾವತ್ತೂ ಕೇಳೋದಿಲ್ಲ ಅಂತಲೂ ಅದೇ ಮೆಸೇಜಿನಲ್ಲಿ ಇರುತ್ತದೆ. ಈ ಮಾತುಗಳನ್ನೂ ಬಾಟ್ ಕಟ್ಟೋದಲ್ಲ, ನಾವೇ ಬರೆದಿಟ್ಟದ್ದು. ಹೋದ ಹೆಸರು ನಮ್ಮದಲ್ಲ ಅಂತ ಕಂಡರೆ 1930ರ ಸಾಲು ರಾತ್ರಿಯಾದರೂ ಹೋಗುತ್ತದೆ, ಬೆಳಗಿನ ತನಕ ಕಾಯೋದಿಲ್ಲ. ಉಳಿದದ್ದು ಅತ್ತಿಗೆ ಬೆಳಿಗ್ಗೆ ನೋಡುತ್ತಾರೆ.

ಒಡೆದ ಬಾಟಲಿಯದ್ದು ಇಷ್ಟು ತಲೆನೋವಲ್ಲ. ಬಾಟ್ ಎರಡು ಫೋಟೊ ಕೇಳುತ್ತದೆ, ಒಂದು ಒಡೆದ ಬಾಟಲಿಯದ್ದು, ಇನ್ನೊಂದು ಹೊರಗಿನ ಡಬ್ಬಿಯ ಮೇಲಿನ ಕೊರಿಯರ್ ಚೀಟಿಯದ್ದು. ಗಾಜು ಮುಟ್ಟುವಾಗ ಜೋಪಾನ, ಸೋರಿದ ಉಪ್ಪಿನಕಾಯಿ ತಿನ್ನಬೇಡಿ ಅನ್ನುತ್ತದೆ. ಬೇರೆ ಬಾಟಲಿ ಕಳಿಸೋದಾ, ದುಡ್ಡು ಕೊಡೋದಾ ಅನ್ನೋದು ಅತ್ತಿಗೆಗೆ ಬಿಟ್ಟದ್ದು. ಫೋಟೊ ನೋಡಿ ಬಾಟ್ ತಾನೇ ತೀರ್ಮಾನಿಸಲಿ ಅಂತ ಒಬ್ಬರು ಸಲಹೆ ಕೊಟ್ಟರು. ತಿಂಗಳಿಗೆ ಐದಾರು ಒಡೆಯುವ ಅಂಗಡಿಗೆ ಆ ಗೋಜು ಯಾಕೆ? ಅಲ್ಲದೆ ಫೋಟೊಗಳನ್ನು ಕಣ್ಣಾರೆ ನೋಡಿದ್ದರಿಂದಲೇ ಒಡೆದದ್ದೆಲ್ಲ ಡಬ್ಬಿಯ ಒಂದೇ ಮೂಲೆ ಅಂತ ಅತ್ತಿಗೆಗೆ ಹೊಳೆದಿದ್ದು, ಪ್ಯಾಕಿಂಗ್ ಬದಲಿಸಿದ್ದು.

ದಾಟಿಸುವುದೇ ಅರ್ಧ ಕೆಲಸ

ಬಾಟ್ "ನಮ್ಮವರು ಸಂಪರ್ಕಿಸುತ್ತಾರೆ" ಅಂದು, ಆಮೇಲೆ ಯಾರೂ ಸಂಪರ್ಕಿಸದೆ ಹೋಗೋದು. ಸಣ್ಣ ಅಂಗಡಿಗಳ ಬಾಟ್‌ನಲ್ಲಿ ನಾನು ನೋಡಿದ ದೊಡ್ಡ ಕಾಯಿಲೆ ಇದೇ. ಬಾಟ್ ಇಲ್ಲದಾಗ ಮೆಸೇಜ್ ನೀಲಿ ಟಿಕ್ ಆಗದೆ ಬಿದ್ದಿರುತ್ತಿತ್ತು, ಬಾಕಿ ಇದೆ ಅಂತ ಗೊತ್ತಾಗುತ್ತಿತ್ತು. ಈಗ ಬಾಟ್ ಉತ್ತರ ಕೊಟ್ಟಿರುತ್ತದೆ, ನೋಡೋಕೆ ಎಲ್ಲ ಮುಗಿದ ಹಾಗೆ ಕಾಣುತ್ತದೆ.

ನಾವು ಮಾಡಿದ್ದು: ದಾಟಿಸಿದ ಪ್ರತಿ ಮಾತುಕತೆಗೂ ಒಂದು ನಂಬರ್, ಒಂದು ಚೀಟಿ. ಅದು ಅತ್ತಿಗೆ ಮತ್ತು ನಾನು ಇಬ್ಬರೂ ಇರುವ ಒಂದು ಗುಂಪಿಗೆ ಬರುತ್ತದೆ.

```
#87 | ದುಡ್ಡು ಹೋಗಿದೆ, ಆರ್ಡರ್ ಇಲ್ಲ
ಮೊತ್ತ: 640 | ರಾತ್ರಿ 10:32
ರೆಫರೆನ್ಸ್: ಕೊಟ್ಟಿದ್ದಾರೆ | ಹೆಸರು: ನಮ್ಮದೇ
ಹೇಳಿದ್ದು: ಮತ್ತೆ ಕಟ್ಟಬೇಡಿ, ನಾಳೆ 11ರೊಳಗೆ ಉತ್ತರ
```

ಕೊನೆಯ ಸಾಲನ್ನು ಗಮನಿಸಿ. ಬಾಟ್ ಗಿರಾಕಿಗೆ ಏನು ಹೇಳಿದೆ ಅಂತ ಮನುಷ್ಯರಿಗೂ ಗೊತ್ತಿರಬೇಕು. ಇಲ್ಲದಿದ್ದರೆ ಬಾಟ್ ಒಂದು ಹೇಳುತ್ತದೆ, ಅತ್ತಿಗೆ ಒಂದು ಹೇಳುತ್ತಾರೆ. ಮತ್ತೆ ಗಿರಾಕಿಗೆ "ಸ್ವಲ್ಪ ಆರ್ಡರ್ ನಂಬರ್ ಹೇಳಿ" ಅಂತ ಮೊದಲಿಂದ ಕೇಳಬಾರದು, ಒಂದು ಸಲ ಹೇಳಿದ್ದನ್ನು ಮತ್ತೆ ಕೇಳಿದರೆ ತಾಳ್ಮೆ ಅಲ್ಲೇ ಮುಗಿಯುತ್ತದೆ.

"ನಾಳೆ 11ರೊಳಗೆ" ಅನ್ನೋದು ನಾವು ಲೆಕ್ಕ ಹಾಕಿ ಇಟ್ಟ ಸಮಯ. ಅತ್ತಿಗೆ ಬೆಳಗಿನ ಬಾಟಲಿ ತುಂಬುವ ಕೆಲಸ ಹತ್ತಕ್ಕೆ ಮುಗಿಸುತ್ತಾರೆ, ಅರ್ಧ ಗಂಟೆ ಕೂತು ಚೀಟಿ ನೋಡುತ್ತಾರೆ. "ಶೀಘ್ರದಲ್ಲೇ" ಅಂತ ಬರೆಯಬೇಡಿ, ಅದು ಯಾರಿಗೂ ಸಮಾಧಾನ ಕೊಡೋದಿಲ್ಲ. ವಾಟ್ಸಾಪ್‌ನ ಬಿಸಿನೆಸ್ ಪ್ಲಾಟ್‌ಫಾರ್ಮ್ ಮೇಲೆ ಬಾಟ್ ಓಡಿಸುವವರಿಗೆ ಇನ್ನೊಂದು ಗಡಿಯಾರವೂ ಇದೆ. ಗಿರಾಕಿಯ ಕೊನೆಯ ಮೆಸೇಜಿನಿಂದ 24 ಗಂಟೆ ತನಕ ಮಾತ್ರ ನಿಮಗೆ ಇಷ್ಟಬಂದ ಹಾಗೆ ಉತ್ತರ ಬರೆಯಬಹುದು. ದಾಟಿದರೆ ವಾಟ್ಸಾಪ್‌ನವರಿಂದ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಮೆಸೇಜ್ ಮಾತ್ರ ಹೋಗುತ್ತದೆ. ಶನಿವಾರ ಸಂಜೆ ಬಂದ ದೂರನ್ನು ಸೋಮವಾರ ನೋಡೋಣ ಅಂದರೆ ಬಾಯಿ ಕಟ್ಟಿದ ಹಾಗೆ. "ನಿಮ್ಮ ದೂರಿನ ಬಗ್ಗೆ ಉತ್ತರ ಸಿದ್ಧವಿದೆ" ಅನ್ನುವ ಒಂದು ಟೆಂಪ್ಲೇಟಿಗೆ ಮೊದಲೇ ಒಪ್ಪಿಗೆ ತೆಗೆದಿಟ್ಟುಕೊಂಡರೆ ಒಳ್ಳೆಯದು.

ಕಾನೂನಿನ ಗಡಿಯಾರ ಇನ್ನೂ ಒಂದು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ನೋಡಿಕೊಳ್ಳಲು ಒಬ್ಬ ಅಧಿಕಾರಿ ಇರಬೇಕು, ಅವರ ಹೆಸರು ಮತ್ತು ಸಂಪರ್ಕ ವೆಬ್‌ಸೈಟಿನಲ್ಲಿ ಕಾಣಬೇಕು. ದೂರು ಬಂದಿದೆ ಅಂತ 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಮ್ಮಲ್ಲಿ ಆ ಅಧಿಕಾರಿ ಯಾರು ಅಂದರೆ ಅತ್ತಿಗೆಯೇ, ಇನ್ಯಾರಿದ್ದಾರೆ? ಬಾಟ್ ಚೀಟಿ ನಂಬರ್ ಕೊಟ್ಟು ಮೊದಲ ಉತ್ತರ ಕಳಿಸಬಹುದು, ಆದರೆ ಅಲ್ಲಿಂದ ಮುಂದೆ ಹೆಸರಿರುವ ಒಬ್ಬ ಮನುಷ್ಯ ಇರಲೇಬೇಕು.

ಇನ್ನೊಂದು ಚಿಕ್ಕ ವಿಷಯ, ಇದರಲ್ಲಿ ನಾವು ಒಮ್ಮೆ ಮಾನ ಕಳಕೊಂಡೆವು. ಅತ್ತಿಗೆ ಗಿರಾಕಿ ಜೊತೆ ಬರೆಯುತ್ತಿದ್ದಾರೆ, ಮಧ್ಯದಲ್ಲಿ ಬಾಟ್ ಬಂದು "ನಿಮಗೆ ಇನ್ನೇನಾದರೂ ಸಹಾಯ ಬೇಕೇ?" ಅಂತು. ಎದುರಿನವರ ತಂದೆಯ ವೈಕುಂಠ ಸಮಾರಾಧನೆಗೆ ಉಪ್ಪಿನಕಾಯಿ ತಲುಪಿರಲಿಲ್ಲ. ಮನುಷ್ಯರು ಒಳಗೆ ಬಂದ ಕೂಡಲೇ ಬಾಟ್ ಬಾಯಿ ಮುಚ್ಚಬೇಕು, ಮನುಷ್ಯರು ಚೀಟಿ ಮುಚ್ಚುವ ತನಕ ತೆರೆಯಬಾರದು. ನೀವು ಬಳಸುವ ಬಾಟ್ ಸೇವೆಯಲ್ಲಿ ಈ ವ್ಯವಸ್ಥೆ ಇದೆಯಾ ಅಂತ ಕೊಳ್ಳುವ ಮುಂಚೆಯೇ ಕೇಳಿ.

ಯಾವಾಗ ದಾಟಿಸಬೇಕು ಅನ್ನೋದಕ್ಕೆ ವಿಷಯದ ಜೊತೆ ಇನ್ನೆರಡು ನಿಯಮ ಇಟ್ಟಿದ್ದೇವೆ. "ಮೇಡಂ ಜೊತೆ ಮಾತಾಡಬೇಕು" ಅಂತ ಯಾವ ರೂಪದಲ್ಲಿ ಕೇಳಿದರೂ, ಮೊದಲ ಸಲವೇ ದಾಟಿಸೋದು, ಯಾಕೆ ಅಂತ ಕೇಳೋದಿಲ್ಲ. ಒಂದೇ ವಿಷಯ ಗಿರಾಕಿ ಎರಡನೇ ಸಲ ಬೇರೆ ಮಾತಿನಲ್ಲಿ ಕೇಳಿದರೆ, ಬಾಟ್‌ಗೆ ಅರ್ಥವಾಗಿಲ್ಲ ಅಂತಲೇ ಲೆಕ್ಕ.

ಬಿಡುವ ಮುಂಚೆ, ಬಿಟ್ಟ ಮೇಲೆ

ಹಳೇ ಮೆಸೇಜ್ ಓದಿದ್ದು ಇಲ್ಲಿ ಎರಡನೇ ಸಲ ಕೆಲಸಕ್ಕೆ ಬರುತ್ತದೆ. ಅದರಿಂದ 50 ನಿಜವಾದ ಪ್ರಶ್ನೆಗಳನ್ನು, ಹೆಸರು ನಂಬರ್ ತೆಗೆದು, ತಪ್ಪು ಸ್ಪೆಲ್ಲಿಂಗ್ ಸಮೇತ ಆರಿಸಿದೆವು. ಪ್ರತಿಯೊಂದಕ್ಕೂ ಯಾವ ಬುಟ್ಟಿ ಅಂತ ಅತ್ತಿಗೆ ಮೊದಲೇ ಬರೆದರು, ಆಮೇಲೆ ಬಾಟ್‌ಗೆ ಕೇಳಿದೆವು. ಎರಡು ತರದ ತಪ್ಪು ಬರುತ್ತದೆ, ಎರಡೂ ಸಮ ಅಲ್ಲ. ಮೊದಲ ಬುಟ್ಟಿಯದನ್ನು ಸುಮ್ನೆ ಮನುಷ್ಯರಿಗೆ ದಾಟಿಸಿದರೆ ಅತ್ತಿಗೆಗೆ ಒಂದು ನಿಮಿಷ ಹೆಚ್ಚು ಕೆಲಸ, ಅಷ್ಟೇ. ಮೂರನೇ ಬುಟ್ಟಿಯದಕ್ಕೆ ಬಾಟ್ ತಾನೇ ಉತ್ತರಿಸಿದರೆ ಅದು ಒಂದೇ ಒಂದಿದ್ದರೂ ಬಿಡುವ ಹಾಗಿಲ್ಲ, ಸರಿ ಮಾಡಿ ಮತ್ತೆ 50ನ್ನೂ ಓಡಿಸಬೇಕು. ನಮ್ಮಲ್ಲಿ ಹಾಗೆ ಜಾರಿದ್ದು ಯಾವುದು ಗೊತ್ತಾ? "ಬಿಪಿ ಇರೋರು ಈ ಉಪ್ಪಿನಕಾಯಿ ತಿನ್ನಬಹುದಾ?" ಅದರಲ್ಲಿ ಅಲರ್ಜಿ ಅನ್ನುವ ಪದ ಇಲ್ಲ, ದೂರೂ ಇಲ್ಲ. ಬಾಟ್ ಅದನ್ನು ಸಾಮಾನಿನ ಮಾಹಿತಿ ಅಂದುಕೊಂಡು ಮಿತವಾಗಿ ತಿನ್ನಿ ಅಂದಿತು.

ಅದಾದ ಮೇಲೆ ಎರಡು ವಾರ ಬಾಟ್ ಕರಡು ಬರೆಯುತ್ತಿತ್ತು, ಅತ್ತಿಗೆ ಓದಿ ಕಳಿಸುತ್ತಿದ್ದರು. ಕೆಲಸ ಕಮ್ಮಿಯಾಗಲಿಲ್ಲ ಅಂತ ಗೊಣಗಿದರು, ನಿಜ. ಆದರೆ ಯಾವ ಉತ್ತರವನ್ನು ಒಂದಕ್ಷರ ತಿದ್ದದೆ ಕಳಿಸುತ್ತಿದ್ದರೋ ಆ ಜಾತಿಯ ಪ್ರಶ್ನೆಗಳನ್ನು ಮಾತ್ರ ಆಮೇಲೆ ಬಾಟ್‌ಗೆ ಪೂರ್ತಿ ಬಿಟ್ಟೆವು.

ಬಿಟ್ಟ ಮೇಲೆ ಬಾಟ್ ಸೇವೆಯವರು ಒಂದು ಚಂದದ ಅಂಕಿ ತೋರಿಸುತ್ತಾರೆ, ಇಷ್ಟು ಮಾತುಕತೆ ಮನುಷ್ಯರ ಸಹಾಯ ಇಲ್ಲದೆ ಮುಗಿದಿವೆ ಅಂತ. ಆ ಅಂಕಿಯನ್ನು ನಾನು ನಂಬೋದಿಲ್ಲ. ಬೇಸತ್ತು ಎದ್ದು ಹೋದವರೂ ಅದರಲ್ಲಿ "ಮುಗಿದವರು" ಅಂತಲೇ ಲೆಕ್ಕವಾಗಿರುತ್ತಾರೆ. ಅದರ ಬದಲು ಬಾಟ್ ಮುಗಿಸಿದ ಮಾತುಕತೆಗಳಲ್ಲಿ ಎಷ್ಟು ಜನ ಮೂರು ದಿನದೊಳಗೆ ಮತ್ತೆ ಬಂದರು, ಅದೇ ವಿಷಯಕ್ಕೆ ಫೋನ್ ಮಾಡಿದರು ಅಂತ ನೋಡುತ್ತೇವೆ. ಮತ್ತೆ ಪ್ರತಿ ಭಾನುವಾರ ಬಾಟ್ ಮಾಡಿದ 20 ಮಾತುಕತೆಗಳನ್ನು ಕಣ್ಣು ಮುಚ್ಚಿ ಆರಿಸಿ, ಕಣ್ಣು ತೆರೆದು ಓದುತ್ತೇವೆ.

ಓದುವಾಗ ಸಿಗುವ ತಪ್ಪುಗಳಲ್ಲಿ ಹೆಚ್ಚಿನವು ಬಾಟ್‌ದಲ್ಲ, ಹಾಳೆಯದ್ದು. ಬೆಲೆ ವೆಬ್‌ಸೈಟಿನಲ್ಲಿ ಬದಲಾಗಿದೆ, ಹಾಳೆಯಲ್ಲಿ ಹಳೇದೇ ಇದೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದ್ ಆಗಿ ಕೊರಿಯರ್ ಗಾಡಿ ನಿಂತಿದೆ, ಬಾಟ್ ಮಾತ್ರ "4ರಿಂದ 6 ದಿನದಲ್ಲಿ ತಲುಪುತ್ತದೆ" ಅಂತ ಎಲ್ಲರಿಗೂ ನಗುನಗುತ್ತಾ ಹೇಳುತ್ತಿದೆ. ಅದಕ್ಕೆ ಹಾಳೆಯ ತಲೆಯಲ್ಲಿ "ಇವತ್ತಿನ ಸುದ್ದಿ" ಅಂತ ಒಂದು ಸಾಲು ಇಟ್ಟೆವು. ಗಾಡಿ ಬರದ ದಿನ ಅತ್ತಿಗೆ ಅದನ್ನು ಫೋನಿನಲ್ಲೇ ತಿದ್ದುತ್ತಾರೆ, ಆ ದಿನದ ಮಟ್ಟಿಗೆ ಬಾಟ್ ಬೇರೆ ಯಾವ ತಾರೀಖನ್ನೂ ಹೇಳೋದಿಲ್ಲ.

ಬುಟ್ಟಿಗಳೂ ನಿಂತಲ್ಲೇ ನಿಂತಿಲ್ಲ. ವಿಳಾಸ ಬದಲಾವಣೆ ಈಗ ಪಾರ್ಸೆಲ್ ಹೊರಡುವ ತನಕ ಮೊದಲ ಬುಟ್ಟಿಗೆ ಬಂದಿದೆ. ಬಾಟ್ ಒಂದು ಲಿಂಕ್ ಕೊಡುತ್ತದೆ, ಗಿರಾಕಿಯೇ ಒಟಿಪಿ ಹಾಕಿ ವೆಬ್‌ಸೈಟಿನಲ್ಲಿ ತಿದ್ದುತ್ತಾರೆ. "ಎಷ್ಟು ದಿನ ಇಡಬಹುದು" ಅನ್ನುವ ಪ್ರಶ್ನೆ ಉಲ್ಟಾ ಹೋಯಿತು. ಸೀಲ್ ಒಡೆಯದ ಬಾಟಲಿಗೆ ಲೇಬಲ್ ಮೇಲಿನ ತಾರೀಖು ನೋಡಿ ಅಂತ ಬಾಟ್ ಹೇಳುತ್ತದೆ, ತೆರೆದ ಬಾಟಲಿ ಅಂದ ಕೂಡಲೇ ಚೀಟಿ ಅತ್ತಿಗೆಗೆ ಬರುತ್ತದೆ. ಬಿಳಿ ಪದರದ ಮೆಸೇಜ್ ಆಮೇಲೆ ನಿಜವಾಗಿಯೂ ಒಂದು ಬಂತು, ಧಾರವಾಡದಿಂದ. ಅತ್ತಿಗೆ ಫೋಟೊ ತರಿಸಿಕೊಂಡರು, ಲೇಬಲ್ಲಿನ ಬ್ಯಾಚ್ ನಂಬರ್ ನೋಡಿದರು. ತಿನ್ನಬೇಡಿ, ಬೇರೆ ಕಳಿಸುತ್ತೇನೆ ಅಂದು ಫೋನ್ ಇಟ್ಟು, ಅದೇ ಬ್ಯಾಚಿನ ಬಾಟಲಿ ತಗೊಂಡ ಉಳಿದ ಹನ್ನೊಂದು ಮನೆಗೆ ಒಂದೊಂದಾಗಿ ಫೋನ್ ಮಾಡೋಕೆ ಕೂತರು.